ಬೆಳಗಿನ ಪಾಳಿಯ ನಡುಕ

ಪೀಣ್ಯದ ಎರಡನೇ ಹಂತದಲ್ಲಿದ್ದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ನಾನು ಏಳು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಬೆಳಗಿನ ಪಾಳಿ ಎಂಟಕ್ಕೆ ಶುರು. ಡೈ ಕೂರಿಸಿ, ಮೊದಲ ಪೀಸ್ ಹೊಡೆದು, ಅದನ್ನು ನನ್ನ ಮೇಜಿಗೆ ತಂದು ಅಳತೆ ಹಿಡಿಸಿ, ನಾನು ಸಹಿ ಹಾಕಿದ ಮೇಲೆಯೇ ಉಳಿದ ಮಾಲು ಹೊಡೆಯಬೇಕು. ನಮ್ಮಲ್ಲಿ ಹದಿನೆಂಟು ವರ್ಷ ಪ್ರೆಸ್ ನಡೆಸಿದ್ದ ಒಬ್ಬರು ಹಿರಿಯ ಆಪರೇಟರ್ ಇದ್ದರು. ಎಲ್ಲರಿಗೂ ಅವರು ಅಣ್ಣ. ನನ್ನ ಕೈಗೆ ಪೀಸ್ ಕೊಡುವ ಮೊದಲು ತಾವೇ ವರ್ನಿಯರ್ ಹಿಡಿದು ಅಳೆದು ನೋಡುವುದು ಅವರ ಅಭ್ಯಾಸ.

ಒಂದು ಬೆಳಗ್ಗೆ ಆ ವರ್ನಿಯರಿನ ಬಾಯಿ ತಗಡಿಗೆ ಟಿಕ್ ಟಿಕ್ ಎಂದು ಬಡಿಯುತ್ತಿದ್ದದ್ದು ಕೇಳಿಸಿತು. ಅವರ ಕೈ ನಡುಗುತ್ತಿತ್ತು. ಅವರೇ ಎರಡು ಸಲ ಉಸಿರು ಹಿಡಿದು ನೋಡಿದರು, ನಡುಕ ನಿಲ್ಲಲಿಲ್ಲ. "ನೀನೇ ನೋಡಪ್ಪ, ಕನ್ನಡಕ ಮರೆತು ಬಂದಿದೀನಿ" ಎಂದು ಪೀಸನ್ನು ನನ್ನ ಮುಂದಿಟ್ಟರು. ಒಂಬತ್ತೂವರೆಯ ಚಹಾ ಮುಗಿದ ಮೇಲೆ ಅದೇ ಕೈ ಕಲ್ಲಿನ ಹಾಗೆ ಸ್ಥಿರವಾಗಿತ್ತು. ಕನ್ನಡಕ ಆಗಲೂ ಇರಲಿಲ್ಲ.

ನನಗೆ ಆಗ ಅರ್ಥವಾಗದೇ ಹೋದದ್ದು ಈ ಎರಡನೆಯ ಸಂಗತಿ. ಕೈ ನಡುಗಿದ್ದಕ್ಕಿಂತ, ನಡುಕ ಅಷ್ಟು ಬೇಗ ನಿಂತದ್ದೇ ದೊಡ್ಡ ಸುಳಿವು.

ರಾತ್ರಿ ಜಾಸ್ತಿ ಕುಡಿದವನಿಗೆ ಬೆಳಗ್ಗೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ನೀರು ಕುಡಿದು, ತಿಂಡಿ ತಿಂದು, ಮಧ್ಯಾಹ್ನದ ಹೊತ್ತಿಗೆ ನಿಧಾನವಾಗಿ ಸರಿಹೋಗುತ್ತಾನೆ. ದೇಹವೇ ಮದ್ಯಕ್ಕೆ ಒಗ್ಗಿಹೋದವನ ಕಥೆ ಬೇರೆ. ಅವನಿಗೆ ರಾತ್ರಿ ಕುಡಿದದ್ದು ಇಳಿಯುತ್ತಿದ್ದಂತೆ ನಡುಕ, ಬೆವರು, ಎದೆಬಡಿತ, ಹೇಳಿಕೊಳ್ಳಲಾಗದ ತಳಮಳ ಶುರುವಾಗುತ್ತವೆ. ಒಂದು ಗುಟುಕು ಒಳಗೆ ಹೋದರೆ ಹತ್ತಿಪ್ಪತ್ತು ನಿಮಿಷದಲ್ಲಿ ಎಲ್ಲ ನಿಲ್ಲುತ್ತದೆ. ಬೆಳಗ್ಗೆ ಕುಡಿಯುವವರನ್ನು ಕಂಡು "ಎದ್ದ ತಕ್ಷಣ ಮಜಾ ಬೇಕಲ್ಲ ಇವನಿಗೆ" ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಮಜಾ ಏನೂ ಇರುವುದಿಲ್ಲ. ಆ ಗುಟುಕು ಅವರಿಗೆ ಔಷಧಿಯ ಜಾಗದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿತದ ತೀವ್ರತೆ ಅಳೆಯಲು ರೂಪಿಸಿದ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ, ಬೆಳಗ್ಗೆ ಎದ್ದು ನಡೆಯಲು ಒಂದು ಪೆಗ್ ಬೇಕಾಗುತ್ತದೆಯೇ ಎಂದು ಕೇಳುವ ಪ್ರಶ್ನೆಯೇ ಒಂದಿದೆ. ನಮ್ಮ ರಾಜ್ಯದಲ್ಲಿ ವೈನ್ ಶಾಪ್ ಬಾಗಿಲು ತೆಗೆಯುವುದು ಬೆಳಗ್ಗೆ ಹತ್ತಕ್ಕೆ. ಎಂಟರ ಪಾಳಿಗೆ ಬರುವವನು ಬೆಳಗ್ಗೆ ಕುಡಿಯಬೇಕೆಂದರೆ ಹಿಂದಿನ ರಾತ್ರಿಯೇ ಒಂದು ತೊಂಬತ್ತು ಎಂಎಲ್ ಪ್ಯಾಕೆಟ್ ಎತ್ತಿಟ್ಟುಕೊಂಡಿರಬೇಕು. ಬೆಳಗಿನ ಅವಸ್ಥೆ ಏನಾಗುತ್ತದೆ ಎಂದು ಅವನಿಗೆ ರಾತ್ರಿಯೇ ಗೊತ್ತಿರುತ್ತದೆ ಎಂದು ಇದರರ್ಥ.

ಹಾಗೆಂದು ಬಾಯಿ ವಾಸನೆ ಬಂದ ಕೂಡಲೇ ತೀರ್ಮಾನಕ್ಕೆ ಬರಬಾರದು. ಒಂದು ಲೆಕ್ಕ ಹಾಕಿ ನೋಡಿ. ಮೂವತ್ತು ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 65 ಕಿಲೋ ತೂಕದ ಒಬ್ಬ ಗಂಡಸು ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಒಂದೂವರೆ ಕ್ವಾರ್ಟರ್, ಅಂದರೆ 270 ಎಂಎಲ್ ಕುಡಿದ ಎನ್ನೋಣ. ಒಳಗೆ ಹೋದದ್ದು 90 ಗ್ರಾಂ. ಯಕೃತ್ತು ಅದನ್ನು ತನ್ನದೇ ವೇಗದಲ್ಲಿ ಕರಗಿಸುತ್ತದೆ. ಗಂಟೆಗೆ ರಕ್ತದಿಂದ ಇಳಿಯುವುದು 100 ಎಂಎಲ್‌ಗೆ ಸುಮಾರು 15 ಮಿಲಿಗ್ರಾಂ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ. ಹೀಗೆ ಲೆಕ್ಕ ಹಿಡಿದರೆ ಬೆಳಗ್ಗೆ ಎಂಟಕ್ಕೆ ಅವನ ರಕ್ತದಲ್ಲಿ ಇನ್ನೂ 40 ಮಿಲಿಗ್ರಾಂ ಆಸುಪಾಸು ಉಳಿದಿರುತ್ತದೆ. ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 30. ಬೆಳಗ್ಗೆ ಒಂದು ಹನಿ ಮುಟ್ಟದಿದ್ದರೂ ಈತ ವಾಸನೆ ಹೊಡೆಯುತ್ತಾನೆ, ಬೈಕಿನಲ್ಲಿ ಪೊಲೀಸರಿಗೆ ಸಿಕ್ಕಿದರೆ ಕೇಸೂ ಆಗುತ್ತದೆ. ಒಬ್ಬೊಬ್ಬರ ದೇಹದಲ್ಲಿ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ವಿಷಯ ಇಷ್ಟೇ: ವಾಸನೆ ಹೇಳುವುದು ಮದ್ಯ ಇದೆ ಎಂದು, ಯಾವಾಗ ಹೋಯಿತು ಎಂದಲ್ಲ. ಯಂತ್ರದ ಮುಂದೆ ನಿಲ್ಲುವವನಿಗೆ ಎರಡೂ ಅಪಾಯವೇ. ಕಾಯಿಲೆ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ಇನ್ನೂ ಒಂದು ಎಚ್ಚರ ಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ತಿಂಡಿ ತಿನ್ನದೆ ಕೆಲಸಕ್ಕೆ ಬಂದವರಿಗೆ ಸಕ್ಕರೆ ಕುಸಿದರೆ ಕೈ ನಡುಗುತ್ತದೆ, ಬೆವರುತ್ತಾರೆ, ಮಾತು ತೊದಲುತ್ತದೆ, ಸುಮ್ಮನೆ ಸಿಡುಕುತ್ತಾರೆ. ನೋಡಿದವರಿಗೆ ಕುಡಿದವರ ಹಾಗೇ ಕಾಣುತ್ತಾರೆ. ಸಕ್ಕರೆ ತೀರಾ ಏರಿದವರ ಉಸಿರಿನಿಂದ ಕೊಳೆತ ಹಣ್ಣಿನಂಥ ವಾಸನೆಯೂ ಬರಬಹುದು. "ಕುಡಿದು ಬಿದ್ದವ್ನೆ, ಮಲಗಲಿ ಬಿಡು" ಎಂದು ಮೂಲೆಗೆ ಒರಗಿಸಿ ಹೋದರೆ ಅಂಥವರ ಪ್ರಾಣವೇ ಹೋದೀತು. ಎಂದೂ ಹೀಗಾಗದವರು ಇದ್ದಕ್ಕಿದ್ದಂತೆ ಹೀಗಾದರೆ ಮೊದಲು ಕೇಳಬೇಕಾದದ್ದು ಸಕ್ಕರೆ ಕಾಯಿಲೆ ಇದೆಯೇ, ತಿಂಡಿ ಆಯಿತೇ ಎಂದು.

ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಮೊದಲ ತಪ್ಪು, ನಾಲ್ಕು ತಿಂಗಳು ಸುಮ್ಮನಿದ್ದದ್ದು. ಸುಮ್ಮನಿದ್ದದ್ದಷ್ಟೇ ಅಲ್ಲ, ಎಂಟು ಗಂಟೆಯ ಮೊದಲ ಪೀಸನ್ನು ನಾನೇ ಅಳೆದುಕೊಂಡು ಅವರ ಹೆಸರಿನ ಮುಂದೆ ಸಹಿ ಹಾಕುತ್ತಿದ್ದೆ. ಪಕ್ಕದ ಮಿಷಿನ್ನಿನ ಹುಡುಗ ಅವರ ಡೈ ಕೂರಿಸಿಕೊಡುತ್ತಿದ್ದ. ಸೂಪರ್‌ವೈಸರ್ ಬಂದರೆ "ಟಾಯ್ಲೆಟ್ಟಿಗೆ ಹೋಗಿದಾರೆ ಸಾರ್" ಎಂದು ಯಾರಾದರೂ ಹೇಳುತ್ತಿದ್ದೆವು. ತಿಂಗಳ ಕೊನೆಗೆ ಇನ್ನೂರು ಮುನ್ನೂರು ಸಾಲವನ್ನೂ ಕೊಡುತ್ತಿದ್ದೆವು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಹಾಗೆ ಮಾಡಿ ನಾವು ಐದಾರು ಜನ ಸೇರಿ ಅವರ ಕಾಯಿಲೆಗೆ ಕಾವಲು ಕಾದೆವು. ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅವರಿಗೂ ಅನ್ನಿಸುತ್ತಿತ್ತು, ಮನೆಯವರಿಗೂ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಒಂದು ಶನಿವಾರ ಸಂಜೆ ಗೇಟಿನ ಹತ್ತಿರ ಅವರನ್ನು ನಿಲ್ಲಿಸಿಕೊಂಡು ಅತ್ತೂ ಕರೆದು ಮಾತಾಡಿದೆ. ಮಗಳ ಹೆಸರು ತೆಗೆದೆ. ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಹಾಕಿಸಿಕೊಂಡೆ: "ನಾಳೆಯಿಂದ ಒಂದು ತೊಟ್ಟೂ ಮುಟ್ಟಬಾರದು." ಅವರು ಆ ರಾತ್ರಿ ಕೊನೆಯ ಸಲ ಕುಡಿದು, ಭಾನುವಾರದಿಂದ ನಿಜವಾಗಿಯೂ ಬಿಟ್ಟರು. ಸೋಮವಾರ ಕೆಲಸಕ್ಕೆ ಬಂದಾಗ ಅಂಗಿ ಬೆವರಿನಿಂದ ಮೈಗಂಟಿತ್ತು, ಲೋಟ ಹಿಡಿಯಲು ಎರಡೂ ಕೈ ಬೇಕಿತ್ತು. ನಾವು ಬೆನ್ನು ತಟ್ಟಿದೆವು. "ಎರಡು ದಿನ ತಡ್ಕೊಳ್ಳಿ ಅಣ್ಣ, ಎಲ್ಲ ಸರಿಹೋಗುತ್ತೆ."

ಮಂಗಳವಾರ ಬೆಳಗ್ಗೆ ಅವರ ಹೆಂಡತಿಯ ಫೋನು. ರಾತ್ರಿಯಿಡೀ ನಿದ್ದೆಯಿಲ್ಲ, ಗೋಡೆ ತುಂಬ ಇರುವೆ ಎಂದು ಕೈಯಿಂದ ಒರೆಸುತ್ತಿದ್ದಾರೆ, ಬಾಗಿಲ ಕೆಳಗಿಂದ ನೀರು ನುಗ್ಗುತ್ತಿದೆ ಎಂದು ಕೂಗುತ್ತಿದ್ದಾರೆ, ಮಗಳ ಗುರುತು ಸಿಗುತ್ತಿಲ್ಲ. ಅಕ್ಕಪಕ್ಕದವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು. ನಾನು ಮತ್ತು ಇನ್ನೊಬ್ಬ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಡ್ಯೂಟಿ ಡಾಕ್ಟರ್ ನಾಡಿ ಹಿಡಿದುಕೊಂಡೇ ಕೇಳಿದ ಮೊದಲ ಪ್ರಶ್ನೆ, "ಕೊನೆಯ ಸಲ ಕುಡಿದದ್ದು ಯಾವಾಗ?"

"ಶನಿವಾರ ರಾತ್ರಿ ಮೇಡಂ. ಆಮೇಲೆ ಮುಟ್ಟಿಲ್ಲ. ನಾನೇ ಬಿಡಿಸಿದೆ" ಎಂದೆ.

ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. "ಇಷ್ಟು ಕುಡಿಯೋರು ಒಮ್ಮೆಲೇ ಬಿಟ್ಟರೆ ಹೀಗೇ ಆಗೋದು. ಬಿಡಿಸೋ ಮೊದಲು ಇಲ್ಲಿಗೆ ಕರ್ಕೊಂಡು ಬರಬೇಕಿತ್ತು" ಎಂದರು.

ಅವರು ಆಮೇಲೆ ತಿಳಿಹೇಳಿದ್ದನ್ನು ನಾನು ಹಗ್ಗಜಗ್ಗಾಟದ ಹಾಗೆ ನೆನಪಿಟ್ಟುಕೊಂಡಿದ್ದೇನೆ. ಮದ್ಯ ಮೆದುಳನ್ನು ಮಂಕು ಮಾಡುವತ್ತ ಎಳೆಯುತ್ತದೆ. ವರ್ಷಗಟ್ಟಲೆ ದಿನವೂ ಹೀಗೆ ಎಳೆದರೆ, ಮೆದುಳು ಸಮ ಉಳಿಯಲು ಇನ್ನೊಂದು ತುದಿಯಿಂದ ತನ್ನನ್ನು ತಾನು ಕೆರಳಿಸಿಕೊಂಡು ಎಳೆಯುವುದನ್ನು ಕಲಿಯುತ್ತದೆ. ಒಂದು ದಿನ ಮದ್ಯದ ಕಡೆಯವರು ಥಟ್ಟನೆ ಹಗ್ಗ ಬಿಟ್ಟರೆ ಮೆದುಳು ಹಿಂದಕ್ಕೆ ಬೀಳುತ್ತದೆ. ಕೊನೆಯ ಪೆಗ್ ಆಗಿ ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕು, ಹೊತ್ತು ತಪ್ಪುತ್ತದೆ, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಎದೆಬಡಿತ ಹತೋಟಿ ಮೀರುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು. ನಮ್ಮ ಅಣ್ಣ ಆಸ್ಪತ್ರೆ ಸೇರಿದ್ದು ಸರಿಯಾಗಿ ಮೂರನೆಯ ದಿನ.

ಆದ್ದರಿಂದ ಬೆಳಗ್ಗೆ ಕುಡಿಯುವ ಸಹೋದ್ಯೋಗಿಗೆ "ನಾಳೆಯಿಂದ ಬಿಡು" ಎಂದು ಮಾತ್ರ ಹೇಳಬೇಡಿ. ಡಾಕ್ಟರ ಹತ್ತಿರ ಹೋಗೋಣ, ಅವರು ಹೇಳಿದ ಹಾಗೆ ಬಿಡೋಣ ಎನ್ನಬೇಕು. ವೈದ್ಯರು ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಜಾತಿಯ ಮಾತ್ರೆ ಕೊಟ್ಟು ಸುಮಾರು ವಾರದಲ್ಲಿ ಅದನ್ನು ಹಂತಹಂತವಾಗಿ ಇಳಿಸುತ್ತಾರೆ; ಹಗ್ಗವನ್ನು ಮೆಲ್ಲಗೆ ಸಡಿಲ ಬಿಟ್ಟ ಹಾಗೆ. ಸರಿಯಾಗಿ ಉಣ್ಣದೆ ಕುಡಿದವರಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ, ಅದಿಲ್ಲದೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು, ಹಾಗಾಗಿ ಥಯಾಮಿನ್ ಇಂಜೆಕ್ಷನ್ ಕೊಡುತ್ತಾರೆ. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನಾವೇ ಕೊಡುವಂತಿಲ್ಲ. ಮದ್ಯದ ಜೊತೆ ಸೇರಿದರೆ ಅವು ಉಸಿರನ್ನೇ ನಿಲ್ಲಿಸಬಲ್ಲವು.

ಮಾತು ಎತ್ತುವುದು ಯಾವಾಗ? ಬೆಳಗ್ಗೆ ನಡುಕದ ಹೊತ್ತಿನಲ್ಲಿ ಅವರ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಸಂಜೆ ಬಾರಿನ ಮುಂದೆ ಆಡಿದ ಮಾತು ಬೆಳಗ್ಗೆ ನೆನಪಿರುವುದಿಲ್ಲ. ನಾಲ್ಕು ಜನರ ಎದುರು ಆಡಿದರೆ ಮಾನ ಕಳೆದಂತೆ. ನನ್ನ ಅನುಭವದಲ್ಲಿ ಊಟದ ಬಿಡುವು ಮುಗಿದು ಇಬ್ಬರೇ ಕೈ ತೊಳೆಯುವ ಹೊತ್ತು ಒಳ್ಳೆಯದು. ಆಗ ಹೊಟ್ಟೆ ತುಂಬಿರುತ್ತದೆ, ಮನಸ್ಸೂ ಒಂದಿಷ್ಟು ತಿಳಿಯಾಗಿರುತ್ತದೆ. ಕಂಡದ್ದನ್ನಷ್ಟೇ ಹೇಳಬೇಕು. "ಅಣ್ಣ, ನೀವು ಕುಡುಕ ಆಗಿದೀರ" ಎನ್ನುವುದು ತೀರ್ಪು, ಅದಕ್ಕೆ ಜಗಳವೇ ಉತ್ತರ. "ಅಣ್ಣ, ಸೋಮವಾರ, ಬುಧವಾರ, ಇವತ್ತು, ಮೂರು ದಿನವೂ ಬೆಳಗ್ಗೆ ನಿಮ್ಮ ಕೈ ನಡುಗ್ತಿತ್ತು. ಚಹಾ ಆದ್ಮೇಲೆ ನಿಂತಿತು. ನನಗೆ ಭಯ ಆಗ್ತಿದೆ. ಡಾಕ್ಟರ ಹತ್ರ ಒಂದ್ಸಲ ಹೋಗೋಣ, ನಾನೂ ಬರ್ತೀನಿ" ಎಂದರೆ ಅಲ್ಲಗಳೆಯಲು ಹೆಚ್ಚು ಜಾಗ ಇರುವುದಿಲ್ಲ. ಅದಕ್ಕಾಗಿ ದಿನ, ಹೊತ್ತು ನೆನಪಿಟ್ಟುಕೊಂಡಿರಬೇಕು. ಅವರ ಬ್ಯಾಗು ತಡಕುವುದು, ಬಾಟಲಿ ಮೂಸಿ ನೋಡುವುದು, ವಾಟ್ಸಾಪಿಗೆ ವಿಡಿಯೋ ಹಿಡಿಯುವುದು ಖಂಡಿತ ಬೇಡ.

ಮೊದಲ ಸಲ "ಹಂಗೇನಿಲ್ಲಪ್ಪ" ಎಂದೇ ಅನ್ನುತ್ತಾರೆ. ವಾದ ಮಾಡದೆ, "ಇಲ್ಲದಿದ್ರೆ ಒಳ್ಳೇದೇ ಅಣ್ಣ. ಆದ್ರೆ ಇನ್ಮೇಲೆ ನಿಮ್ಮ ಪೀಸಿಗೆ ನಾನು ಸಹಿ ಹಾಕಲ್ಲ" ಎಂದು ಹೇಳಿ ಅದರಂತೆ ನಡೆದುಕೊಳ್ಳಬೇಕು. ಇದು ಮುನಿಸಲ್ಲ. ಸಾಲ ಕೊಡುವುದಿಲ್ಲ, ಸುಳ್ಳು ಹೇಳುವುದಿಲ್ಲ, ಆದರೆ ಆಸ್ಪತ್ರೆಗೆ ಯಾವ ಹೊತ್ತಿನಲ್ಲಿ ಕರೆದರೂ ಬರುತ್ತೇನೆ: ಈ ಮೂರನ್ನೂ ಒಟ್ಟಿಗೇ ಹೇಳಬೇಕು.

ಪ್ರೆಸ್, ಫರ್ನೇಸ್, ಕ್ರೇನ್, ವಾಹನ, ಎತ್ತರದ ಕೆಲಸ, ಆಸ್ಪತ್ರೆಯ ವಾರ್ಡು, ಶಾಲೆಯ ಬಸ್ಸು ಇಂಥ ಕಡೆ ಮಾತ್ರ ಊಟದ ಬಿಡುವಿನವರೆಗೆ ಕಾಯುವಂತಿಲ್ಲ. ಪವರ್ ಪ್ರೆಸ್ಸಿನ ರಾಮ್ ಕೆಳಗೆ ಬರಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಎರಡೂ ಕೈಯಿಂದ ಒಟ್ಟಿಗೆ ಗುಂಡಿ ಒತ್ತಿದರೆ ಮಾತ್ರ ಇಳಿಯಬೇಕೆಂಬ ಏರ್ಪಾಡು ಇದ್ದರೂ, ಬೇಗ ಮಾಲು ತೆಗೆಯಲೆಂದು ಒಂದು ಗುಂಡಿಗೆ ತಂತಿ ಕಟ್ಟಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ಯಂತ್ರದ ಮುಂದೆ ನಡುಗುವ ಕೈಯೂ ಬೇಡ, ಆಗತಾನೇ ಕುಡಿದು ಸ್ಥಿರವಾದ ಕೈಯೂ ಬೇಡ. ಅದೇ ಕ್ಷಣ ಸೂಪರ್‌ವೈಸರಿಗೆ ಹೇಳಬೇಕು: "ಸಾರ್, ಅಣ್ಣನಿಗೆ ಮೈ ಸರಿಯಿಲ್ಲ, ಇವತ್ತು ಪ್ರೆಸ್ಸಿಗೆ ಬಿಡಬೇಡಿ. ಒಬ್ಬರೇ ಬೈಕಲ್ಲಿ ಮನೆಗೆ ಕಳಿಸೋದೂ ಬೇಡ." ನೋಡಿದ್ದು ಇಷ್ಟು, ಉಳಿದದ್ದನ್ನು ತೀರ್ಮಾನಿಸುವುದು ಅವರ ಹೊಣೆ.

ಹೀಗೆ ಹೇಳುವುದು ಚಾಡಿಯಲ್ಲವೇ, ಅವರ ಅನ್ನ ಕಸಿದಂತಲ್ಲವೇ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಕುಡಿದು ಕೆಲಸಕ್ಕೆ ಬರುವುದನ್ನು ಕಾರ್ಖಾನೆಯ ಸ್ಥಾಯಿ ಆದೇಶಗಳು ಸಾಮಾನ್ಯವಾಗಿ ದುರ್ನಡತೆ ಎಂದೇ ಎಣಿಸುತ್ತವೆ, ಆ ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟರೆ ಏನಾಗುತ್ತದೆ ಎಂದೂ ನೋಡಬೇಕು. ಇಎಸ್‌ಐ ಇಲ್ಲದ ಸಣ್ಣ ಶೆಡ್ಡುಗಳಲ್ಲಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದ ಇದೆ. ಅದೇ ಕಾನೂನಿನಲ್ಲಿ ಒಂದು ವಿನಾಯಿತಿಯೂ ಇದೆ: ಅಪಘಾತ ನೇರವಾಗಿ ಕುಡಿದ ಅಮಲಿನಿಂದಲೇ ಆಗಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಗಾಯಕ್ಕೆ ಮಾಲೀಕರ ಹೊಣೆ ಇಲ್ಲ. ಎರಡು ಬೆರಳು ಹೋದರೆ ಅದು ಪೂರ್ಣ ಅಂಗವೈಕಲ್ಯ ಅಲ್ಲ. ಬೆರಳೂ ಇಲ್ಲ, ದುಡ್ಡೂ ಇಲ್ಲ, ಕೆಲಸವೂ ಇಲ್ಲ. ಇದರ ಬದಲು, ತಾವೇ ಚಿಕಿತ್ಸೆಗೆ ಸೇರಿ ವೈದ್ಯರ ಚೀಟಿ ತಂದು ರಜೆ ಕೇಳಿದವರ ಪರ ಮಾತಾಡುವುದು ಯೂನಿಯನ್ನಿಗೂ ಸೂಪರ್‌ವೈಸರಿಗೂ ಎಷ್ಟೋ ಸುಲಭ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ದುರ್ಬಳಕೆಯಿಂದ ಬರುವ ತೊಂದರೆಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ರೋಗಿಯ ಹಕ್ಕು ಎಂದೂ ಹೇಳಿದೆ.

ಹೋಗುವುದೆಲ್ಲಿಗೆ? ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗ ಇದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಿದೆ. ಯಾರ ಹತ್ತಿರ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ, ಅಂದರೆ ಟೆಲಿ ಮನಸ್‌ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಖ್ಯೆ 14446. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ, ನನ್ನಂಥ ಸಹೋದ್ಯೋಗಿಯೂ ಮಾಡಿ ಕೇಳಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬದುಕು ಕಟ್ಟಿಕೊಂಡವರನ್ನು ನಾನು ಬಲ್ಲೆ. ಆದರೆ ಬೆಳಗ್ಗೆಯೇ ಕುಡಿಯುವವರು ಶಿಬಿರಕ್ಕೆ ಹೋಗುವ ಮೊದಲು ವೈದ್ಯರಿಗೆ ತೋರಿಸಿ, ಹಿಂದೆ ಫಿಟ್ಸ್ ಬಂದಿದ್ದರೆ ಹೇಳಿಕೊಂಡು ಹೋಗಬೇಕು.

ಗೋಡೆಗಳ ಮೇಲೆ "ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ" ಎಂಬ ಜಾಹೀರಾತು ನೋಡಿರುತ್ತೀರಿ. ಸಾರಿಗೆ ಬೆರೆಸುವ ಪುಡಿ. ಅದರಲ್ಲಿ ಏನಿದೆ ಎಂದು ತಿನ್ನಿಸುವವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆ ಇದೆ, ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಅದನ್ನು ವೈದ್ಯರು ರೋಗಿಗೆ ಎಲ್ಲ ತಿಳಿಹೇಳಿ, ಅವರ ಒಪ್ಪಿಗೆಯಿಂದ ಮಾತ್ರ ಕೊಡುತ್ತಾರೆ. ತಿಳಿಯದೆ ತಿಂದು ಅದರ ಮೇಲೆ ಕುಡಿದವರ ಹೃದಯ ನಿಂತುಹೋಗಬಹುದು. ಅವರ ಮನೆಯವರು ಸಹಾಯ ಕೇಳಿ ಬಂದಾಗ ಈ ಒಂದು ಮಾತನ್ನು ಮರೆಯದೆ ಹೇಳಿ.

ನಮ್ಮ ಅಣ್ಣ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ವಾಪಸು ಬಂದಾಗ ಸೂಪರ್‌ವೈಸರ್ ಎರಡು ತಿಂಗಳು ಅವರನ್ನು ಪ್ರೆಸ್ಸಿನಿಂದ ದೂರ, ಪ್ಯಾಕಿಂಗಿನಲ್ಲಿ ಇಟ್ಟರು. ಸಂಬಳ ಕಡಿಮೆ ಮಾಡಲಿಲ್ಲ. ಆಯುಧಪೂಜೆಯ ಮಾರನೆಯ ದಿನ ಮತ್ತೆ ಕುಡಿದರು. ಆದರೆ ಈ ಸಲ ಬೆಳಗ್ಗೆ ಆರೂವರೆಗೆ ತಾವೇ ನನಗೆ ಫೋನ್ ಮಾಡಿದರು: "ತಪ್ಪಾಯ್ತಪ್ಪ. ಇವತ್ತು ಕೆಲಸಕ್ಕೆ ಬರಲ್ಲ. ಆಸ್ಪತ್ರೆಗೆ ಬರ್ತೀಯಾ?" ನಾನು ಬೈಯಲಿಲ್ಲ, ಆಣೆಯ ಮಾತೂ ಎತ್ತಲಿಲ್ಲ. ರಾತ್ರಿ ಕೊನೆಯ ಸಲ ಎಷ್ಟು ಹೊತ್ತಿಗೆ ಕುಡಿದರೆಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು, ಅರ್ಧ ದಿನ ರಜೆ ಹಾಕಿ ಆಟೋ ಹತ್ತಿದೆ.